ರೆಡ್ ಆಕ್ಸೈಡ್ ಬಳಿಯುವ ಮುಂಚೆ ಒಮ್ಮೆ ಬೆಸುಗೆ ನೋಡಿ

ಊರಿನ ಕೆಲಸಗಳಿಗೆ ಅಂದಾಜುಪಟ್ಟಿ ಮಾಡಿ ಅಳತೆ ಪುಸ್ತಕ, ಅಂದರೆ ಎಂಬಿ, ಬರೆಯುವ ಎಂಜಿನಿಯರುಗಳಿಗೆ, ಬಿಲ್ಲಿಗೆ ಸಹಿ ಹಾಕುವ ಪಂಚಾಯಿತಿಯವರಿಗೆ,

ನಮಸ್ಕಾರ.

ನಾನು ವೆಲ್ಡಿಂಗ್ ಕಲಿಸಿ ನಿವೃತ್ತನಾದವನು. ಈಗಲೂ ಯಾರಾದರೂ ಕರೆದರೆ ಶೆಡ್ಡು, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು ನೋಡಿಕೊಡಲು ಹೋಗುತ್ತೇನೆ. ನಿಮ್ಮ ಹತ್ತಿರ ಒಂದೇ ಒಂದು ಕೋರಿಕೆ ಇದೆ. ಸೈಟಿನಲ್ಲೇ ಕತ್ತರಿಸಿ, ಅಲ್ಲೇ ಬೆಸೆದು ನಿಲ್ಲಿಸುವ ಕಬ್ಬಿಣದ ಕೆಲಸಕ್ಕೆ, ನೀವು ಬಂದು ಬೆಸುಗೆ ನೋಡುವವರೆಗೂ ರೆಡ್ ಆಕ್ಸೈಡ್ ಹೊಡೆಯಲು ಬಿಡಬೇಡಿ. ಈ ಪತ್ರದಲ್ಲಿ ಉಳಿದಿರುವುದೆಲ್ಲ ಯಾಕೆ ನೋಡಬೇಕು, ಏನು ನೋಡಬೇಕು ಅನ್ನುವುದಷ್ಟೇ.

ಕಬ್ಬಿಣದ ಕೆಲಸಕ್ಕೆ ನಾವು ದುಡ್ಡು ಕೊಡುವುದು ತೂಕದ ಮೇಲೆ. ಪೈಪು ಇಷ್ಟು ಕೆಜಿ, ಪ್ಲೇಟು ಇಷ್ಟು ಕೆಜಿ ಅಂತ ಎಂಬಿಯಲ್ಲಿ ಬರುತ್ತದೆ. ವೆಲ್ಡಿಂಗ್ ಆ ದರದಲ್ಲೇ ಸೇರಿಹೋಗಿರುತ್ತದೆ, ಅದಕ್ಕೆ ಬೇರೆ ಸಾಲಿಲ್ಲ. ಪೈಪಿನ ಗೇಜು ಕಡಿಮೆಯಾದರೆ ತೂಕದಲ್ಲಿ ಸಿಕ್ಕಿಬೀಳುತ್ತದೆ. ಬೆಸುಗೆ ಅರ್ಧ ಆದರೆ ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಅದರ ಮೇಲೆ ನಕ್ಷೆಯಲ್ಲಿ ಹೆಚ್ಚಾಗಿ ಇರುವುದು ‘ವೆಲ್ಡ್’ ಅನ್ನುವ ಒಂದು ಪದ, ಒಂದು ಬಾಣದ ಗುರುತು. ಎಷ್ಟು ಮಿ.ಮೀ., ಎಷ್ಟು ಉದ್ದ, ಎಷ್ಟು ಮಗ್ಗುಲು ಅಂತ ಬರೆದಿರುವುದಿಲ್ಲ. ಹಾಗಾಗಿ ಅದನ್ನೆಲ್ಲ ತೀರ್ಮಾನ ಮಾಡುವುದು ದಿನಗೂಲಿಗೆ ಬಂದ ವೆಲ್ಡರ್ ಹುಡುಗ. ಅವನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಯಾರೂ ಹೇಳಿಯೇ ಇಲ್ಲ.

ನಮ್ಮ ಕಡೆಯ ಒಂದು ಊರಿನಲ್ಲಿ ಮುಂಗಾರಿಗೆ ಮೊದಲಿನ ಗಾಳಿಗೆ ಬಸ್ ಶೆಲ್ಟರ್ ಒಂದು ಮಗುಚಿಬಿತ್ತು. ಸಂಜೆ ಹೊತ್ತು, ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ. ಊರವರು ‘ಏನು ಗಾಳಿ ಅಂತೀರಿ’ ಅಂದರು. ನಾನು ಹೋಗಿ ಮುರಿದ ಜಾಗ ನೋಡಿದೆ. ಹಿಂದೆ ಸಾಲಾಗಿ ಕಂಬಗಳು, ಪ್ರತಿ ಕಂಬದಿಂದ ರಸ್ತೆ ಕಡೆಗೆ ಚಾಚಿದ ತೋಳು, ತೋಳಿನ ಮೇಲೆ ಶೀಟು. ನೀವೂ ಇಂಥದ್ದನ್ನು ಬೇಕಾದಷ್ಟು ಮಾಡಿಸಿರುತ್ತೀರಿ. ಕಂಬ ಬಾಗಿರಲಿಲ್ಲ, ತೋಳೂ ಬಾಗಿರಲಿಲ್ಲ. ಎರಡೂ ಸೇರುವ ಜಾಗದಲ್ಲಿ ಮಾತ್ರ ಕಿತ್ತು ಬಂದಿತ್ತು.

ತೋಳಿನ ತುದಿಯನ್ನು ತಿರುಗಿಸಿ ನೋಡಿದರೆ, ಕೆಳಗಿನ ಅಂಚಿನಲ್ಲಿ ಕಟಿಂಗ್ ಮಷೀನಿನ ಗೀರುಗಳು ಹಾಗೇ ಇದ್ದವು. ಬೆಸುಗೆ ಸರಿಯಾಗಿ ಹಿಡಿದಿದ್ದರೆ ಆ ಗೀರುಗಳು ಕರಗಿಹೋಗಬೇಕಿತ್ತು. ಅದಕ್ಕಿಂತ ಹೆಚ್ಚಿನ ಸಾಕ್ಷಿ ಇನ್ನೊಂದಿತ್ತು. ಮುರಿದ ಮುಖದ ಒಳಗಡೆ ರೆಡ್ ಆಕ್ಸೈಡ್ ಬಣ್ಣ ಇತ್ತು. ಲೋಹ ಅವತ್ತಿನ ಗಾಳಿಗೆ ಬಿರಿದಿದ್ದರೆ ಒಳಗೆ ಬಣ್ಣ ಬರುವುದು ಹೇಗೆ? ಬಣ್ಣ ಬಳಿದ ದಿನವೇ ಅಲ್ಲಿ ಸಂದು ಇತ್ತು, ಬಣ್ಣ ಅದರೊಳಗೆ ಇಳಿದಿತ್ತು. ಒಂದು ಮೂಲೆಯಲ್ಲಿ, ಬೆಸುಗೆಯ ಅಡಿಗೆ, ಮೇಲಿನ ಲೇಪ ಉದುರಿಸಿದ ವೆಲ್ಡಿಂಗ್ ರಾಡಿನ ತುಂಡೊಂದು ಸಿಕ್ಕಿಕೊಂಡಿತ್ತು. ಸಂದು ದೊಡ್ಡದಾದಾಗ ತುಂಬಿಸಲು ಹಾಕುವ ತುಂಡು ಅದು. ಇದನ್ನು ಮಾಡದ ಸೈಟನ್ನು ನಾನು ಕಂಡಿದ್ದು ಕಡಿಮೆ.

ಈಗ ಅಂಥ ಒಂದು ತೋಳಿನ ಲೆಕ್ಕವನ್ನೇ ಮಾಡಿ ನೋಡೋಣ. ಅಂಕಿ ಜಾಸ್ತಿ ಇಲ್ಲ, ಹೆದರಬೇಡಿ.

ಕಂಬಗಳ ನಡುವೆ ಎರಡೂವರೆ ಮೀಟರ್, ತೋಳು 2 ಮೀಟರ್ ಚಾಚಿದೆ ಅಂದುಕೊಳ್ಳಿ. ತೋಳಿಗೆ 100 x 50 ಮಿ.ಮೀ. ಆಯತದ ಪೈಪು, ದಪ್ಪ 4 ಮಿ.ಮೀ. ನಡುವಿನ ಒಂದು ತೋಳಿನ ಪಾಲಿಗೆ ಬರುವ ಚಾವಣಿ 5 ಚದರ ಮೀಟರ್. ಗಾಳಿಯ ಸಂಹಿತೆ ಐಎಸ್ 875ರ ಮೂರನೇ ಭಾಗ ಬೆಂಗಳೂರಿಗೆ ಹೇಳುವ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕೆಜಿ. ಅದಕ್ಕೆ ಒಂದೂವರೆ ಪಟ್ಟು ಸುರಕ್ಷತೆ ಸೇರಿಸಿದರೆ 100 ಕೆಜಿ ಹತ್ತಿರ ಬರುತ್ತದೆ. ಸಂಹಿತೆಯ ಉಳಿದ ಗುಣಕಗಳನ್ನು ಸದ್ಯಕ್ಕೆ ಬದಿಗಿಡೋಣ. ಮಂಗಳೂರಿನ ಕಡೆ ಮೂಲ ವೇಗವೇ ಜಾಸ್ತಿ, ಅಲ್ಲಿಯವರು ಲೆಕ್ಕವನ್ನು ಅದಕ್ಕೆ ತಕ್ಕ ಹಾಗೆ ಏರಿಸಿಕೊಳ್ಳಬೇಕು.

ಹಾಗಾದರೆ ಒಂದು ತೋಳಿನ ಮೇಲೆ 500 ಕೆಜಿ, ಅದು ಕೂರುವುದು ತೋಳಿನ ಮಧ್ಯದಲ್ಲಿ, ಅಂದರೆ ಕಂಬದಿಂದ 1 ಮೀಟರ್ ದೂರ. ಈ ಬಲವನ್ನು ಕಂಬದ ಹತ್ತಿರ ತಡೆಯುವುದು 10 ಸೆಂ.ಮೀ. ಎತ್ತರದ ಒಂದು ಬೆಸುಗೆ ಚೌಕಟ್ಟು. ಮೀಟರ್ ಉದ್ದದ ಹಾರೆಯಲ್ಲಿ ಮೀಟಿದ ಹಾಗೆ, 500 ಕೆಜಿಯ ಎಳೆತ ಬೆಸುಗೆಯ ಹತ್ತಿರ ಹತ್ತು ಪಟ್ಟಾಗುತ್ತದೆ. ಮೇಲಿನ ಅಂಚಿನ ಕಡೆ 5 ಟನ್ ಎಳೆದರೆ, ಕೆಳಗಿನ ಅಂಚಿನ ಕಡೆ 5 ಟನ್ ಒತ್ತುತ್ತದೆ. ಪಕ್ಕದ ಎರಡು ಮಗ್ಗುಲಿನ ಬೆಸುಗೆಯೂ ಸ್ವಲ್ಪ ಹೊರುತ್ತದೆ ಅನ್ನಿ, ಆದರೂ ಅಂದಾಜು ಸಿಕ್ಕಿತಲ್ವಾ.

ಇಲ್ಲೇ ಇನ್ನೊಂದು ಮಾತು. ತೋಳು ನಿಲ್ಲಿಸಿದ ಮೇಲೆ ಗುತ್ತಿಗೆದಾರರು ಒಬ್ಬನನ್ನು ತುದಿಗೆ ಜೋತುಬಿಡಿಸಿ, ‘ನೋಡಿ ಸಾರ್, ಅಲ್ಲಾಡಲ್ಲ’ ಅಂತ ತೋರಿಸುತ್ತಾರೆ. 70 ಕೆಜಿಯ ಮನುಷ್ಯ 2 ಮೀಟರ್ ದೂರದಲ್ಲಿ ಜೋತುಬಿದ್ದರೆ ಬೆಸುಗೆಗೆ ಬೀಳುವುದು, ಆ ಗಾಳಿ ಕೊಡುವುದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದೂ ಕೆಳಮುಖವಾಗಿ ಮಾತ್ರ. ಗಾಳಿ ಮೇಲಕ್ಕೂ ಎತ್ತುತ್ತದೆ.

ಈಗ ಬೆಸುಗೆಯ ಅಳತೆಗೆ ಬರೋಣ. ಎರಡು ಮುಖಗಳು ಮೂಲೆಯಲ್ಲಿ ಸೇರುವಲ್ಲಿ ಹಾಕುವ ತ್ರಿಕೋನದ ಬೆಸುಗೆಗೆ ಫಿಲೆಟ್ ಅನ್ನುತ್ತಾರೆ. ಅದರ ಅಳತೆ ಅಂದರೆ ತ್ರಿಕೋನದ ಕಾಲಿನ ಉದ್ದ. ಮೂಲೆಯಿಂದ ಒಂದು ಮುಖದ ಮೇಲೆ ಎಷ್ಟು ದೂರ ಹೋಗಿದೆ, ಇನ್ನೊಂದರ ಮೇಲೆ ಎಷ್ಟು ದೂರ ಹೋಗಿದೆ, ಅದು. ಆದರೆ ಬಲ ಹೊರುವುದು ಕಾಲು ಅಲ್ಲ. ಒಳಮೂಲೆಯಿಂದ ಬೆಸುಗೆಯ ಮೇಲ್ಮೈವರೆಗೆ ಇರುವ ದಪ್ಪ ಹೊರುತ್ತದೆ, ಅದಕ್ಕೆ ಥ್ರೋಟ್ ಅನ್ನುತ್ತಾರೆ. ಲಂಬ ಮೂಲೆಯಲ್ಲಿ ಅದು ಕಾಲಿನ 0.7 ಪಟ್ಟು. 6 ಮಿ.ಮೀ. ಬೆಸುಗೆಯಲ್ಲಿ ನಿಜವಾಗಿ ಕೆಲಸ ಮಾಡುವುದು 4.2 ಮಿ.ಮೀ. ನಮ್ಮ ಪೈಪಿನ ದಪ್ಪ 4 ಮಿ.ಮೀ. ತಾನೆ, ಎರಡೂ ಸರಿಹೊಂದಿದವು. 3 ಮಿ.ಮೀ. ಬೆಸುಗೆಯಲ್ಲಿ ಕೆಲಸ ಮಾಡುವುದು 2.1 ಮಾತ್ರ. ಪೈಪಿನ ಅರ್ಧ.

ಉಕ್ಕಿನ ಸಂಹಿತೆ ಐಎಸ್ 800, 2007ರ ಆವೃತ್ತಿ, ಇದರಲ್ಲಿ ಒಂದು ವಿಷಯ ನನಗೆ ಬಹಳ ಇಷ್ಟ. ವರ್ಕ್‌ಶಾಪಿನ ಬೆಸುಗೆಗೆ 1.25ರ ಸುರಕ್ಷತಾ ಗುಣಕ, ಸೈಟಿನ ಬೆಸುಗೆಗೆ 1.5. ಅಂದರೆ ಅದೇ ರಾಡು, ಅದೇ ಕಬ್ಬಿಣ, ಅದೇ ಅಳತೆ ಇದ್ದರೂ ಸೈಟಿನಲ್ಲಿ ಹಾಕಿದರೆ ಅದರ ಲೆಕ್ಕದ ಬಲ ಆರನೇ ಐದು ಭಾಗಕ್ಕಿಂತ ಜಾಸ್ತಿ ಹಿಡಿಯುವ ಹಾಗಿಲ್ಲ. ಸಾಮಾನ್ಯ ಮೈಲ್ಡ್ ಸ್ಟೀಲಿಗೆ ಸೈಟಿನ ಮಿತಿ ಚದರ ಮಿ.ಮೀ.ಗೆ ಸುಮಾರು 158 ನ್ಯೂಟನ್. ನಮ್ಮ ತೋಳಿಗೆ ನಾಲ್ಕೂ ಮಗ್ಗುಲು ಸುತ್ತ 6 ಮಿ.ಮೀ. ಬೆಸುಗೆ ಹಾಕಿದರೆ ಅದರ ಮೇಲೆ ಬೀಳುವುದು ಸುಮಾರು 140. ಮಿತಿಯೊಳಗಿದೆ, ಆದರೆ ಬಹಳ ಉಳಿದಿಲ್ಲ. 3 ಮಿ.ಮೀ. ಹಾಕಿದರೆ 280. ಮಿತಿಯ ಒಂದೂ ಮುಕ್ಕಾಲು ಪಟ್ಟು.

‘ಸಂಹಿತೆಯಲ್ಲೇ 3 ಮಿ.ಮೀ. ಸಾಕು ಅಂತಿದೆಯಲ್ಲ’ ಅಂತ ಕೆಲವರು ವಾದ ಮಾಡುತ್ತಾರೆ. ಇದೆ, ನಿಜ. 10 ಮಿ.ಮೀ.ವರೆಗಿನ ದಪ್ಪಕ್ಕೆ ಕನಿಷ್ಠ 3, ಅದಕ್ಕಿಂತ ಮೇಲೆ 20ರವರೆಗೆ ಕನಿಷ್ಠ 5 ಅಂತ ಪಟ್ಟಿ ಇದೆ. ಆದರೆ ಅದು ಬಲಕ್ಕೆ ಮಾಡಿದ ಪಟ್ಟಿಯಲ್ಲ. ದಪ್ಪ ಲೋಹ ಬಿಸಿಯನ್ನು ಬೇಗ ಹೀರಿಕೊಳ್ಳುತ್ತದೆ. ಅದರ ಮೇಲೆ ತೀರಾ ಸಣ್ಣ ಬೆಸುಗೆ ಎಳೆದರೆ ಅದು ಗಬಕ್ಕನೆ ತಣ್ಣಗಾಗಿ ಗಡುಸಾಗುತ್ತದೆ, ಬಿರುಕು ಬಿಡಬಹುದು. ಅದಕ್ಕೆ ಆ ಕನಿಷ್ಠ. ಹೊರೆಗೆ ಎಷ್ಟು ಬೇಕು ಅನ್ನುವುದು ಪ್ರತಿ ಜೋಡಣೆಗೆ ಬೇರೆ ಲೆಕ್ಕ, ಅದನ್ನು ನಕ್ಷೆ ಮಾಡುವವರೇ ಬರೆಯಬೇಕು.

ಸಣ್ಣ ಬೆಸುಗೆ ಯಾಕೆ ಬೀಳುತ್ತದೆ ಅಂದರೆ, ಕಾಲು ಎರಡು ಪಟ್ಟಾದರೆ ಬಲ ಎರಡು ಪಟ್ಟು, ತುಂಬಬೇಕಾದ ಲೋಹ ಮಾತ್ರ ನಾಲ್ಕು ಪಟ್ಟು. ರಾಡೂ ನಾಲ್ಕು ಪಟ್ಟು, ಸಮಯವೂ ಹತ್ತಿರ ಹತ್ತಿರ ಅಷ್ಟೇ. ನಮ್ಮ ಕಡೆ ಎಲ್ಲರ ಕೈಯಲ್ಲಿರುವ 10 ಗೇಜ್ ರಾಡಿನಲ್ಲಿ, ಅಂದರೆ 3.15 ಮಿ.ಮೀ.ನದು, ಒಂದು ಓಟಕ್ಕೆ ಸಾಮಾನ್ಯವಾಗಿ 4–5 ಮಿ.ಮೀ. ಬರುತ್ತದೆ. 6 ಬೇಕು ಅಂದರೆ ಬೆಸುಗೆಯ ಮೇಲೆ ಗಟ್ಟಿಯಾಗುವ ಸಿಪ್ಪೆ, ಅಂದರೆ ಸ್ಲ್ಯಾಗ್, ಕುಟ್ಟಿ, ಬ್ರಷ್ ಹಾಕಿ, ಮತ್ತೆ ಎಳೆಯಬೇಕು. ತೂಕಕ್ಕೆ ದುಡ್ಡು ಸಿಗುವ ಕೆಲಸದಲ್ಲಿ ಆ ಎರಡನೇ ಓಟ ಯಾರು ಎಳೆಯುತ್ತಾರೆ ಹೇಳಿ?

ಇನ್ನು ಸಂದಿನ ವಿಷಯ. ಇದು ಅಳತೆಗಿಂತ ಮೋಸದ್ದು, ಯಾಕೆಂದರೆ ಹೊರಗಿನಿಂದ ಕಾಣುವುದಿಲ್ಲ.

ತೋಳಿನ ತುದಿಯನ್ನು ಓರೆಯಾಗಿ ಕತ್ತರಿಸಿದರು ಅಂತಿಟ್ಟುಕೊಳ್ಳಿ. ಮೇಲೆ ಕಂಬಕ್ಕೆ ತಾಗಿದೆ, ಕೆಳಗೆ 3 ಮಿ.ಮೀ. ಸಂದು. ಅದರ ಮೇಲೆ ಹೊರಗಿನಿಂದ 6 ಮಿ.ಮೀ. ಕಾಣುವ ಬೆಸುಗೆ ಹಾಕಿದರು. ಆದರೆ ತ್ರಿಕೋನದ ಒಂದು ಕಾಲಿನಲ್ಲಿ 3 ಮಿ.ಮೀ. ಹೋಗಿದ್ದು ಗಾಳಿಯ ಮೇಲೆ. ಉಳಿದ 3 ಮಾತ್ರ ಲೆಕ್ಕಕ್ಕೆ. 6 ಮಿ.ಮೀ. ಅಂತ ಅಳೆದು ಬರೆದ ಬೆಸುಗೆ ಕೆಲಸ ಮಾಡುವುದು 3 ಮಿ.ಮೀ.ನ ಹಾಗೆ. ಒಂದೂವರೆ ಎರಡು ಮಿ.ಮೀ. ಸಂದು ಸೈಟಿನಲ್ಲಿ ಸಹಜ, ಸಹಿಸಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಸಂದಿನಷ್ಟನ್ನೇ ಬೆಸುಗೆಯ ಕಾಲಿಗೆ ಸೇರಿಸಬೇಕು. 5 ದಾಟಿದರೆ ಆ ತುಂಡನ್ನು ವಾಪಸ್ ಕಳಿಸಿ, ಮತ್ತೆ ಕತ್ತರಿಸಲಿ. ಸಂದಿಗೆ ರಾಡಿನ ತುಂಡು, ಕಟ್ಟುವ ತಂತಿ, ಟಾರ್‌ಕಡ್ಡಿಯ ಚೂರು ತುಂಬಿಸಿ ಮೇಲೆ ಬೆಸುಗೆ ಎಳೆಯುವುದು ಕೆಲಸವೇ ಅಲ್ಲ. ಒಳಗಿನ ತುಂಡು ಯಾವ ಕಡೆಗೂ ಅಂಟಿರುವುದಿಲ್ಲ, ಅದರ ಸುತ್ತ ಸ್ಲ್ಯಾಗ್ ತುಂಬಿಕೊಂಡಿರುತ್ತದೆ.

ಆದ್ದರಿಂದ ನೋಡಲು ಒಳ್ಳೆಯ ಹೊತ್ತು ಬೆಸುಗೆಗೂ ಮುಂಚೆ. ಅಲ್ಲಲ್ಲಿ ಚುಕ್ಕೆ ಬೆಸುಗೆ, ಅಂದರೆ ಟ್ಯಾಕ್, ಹಾಕಿ ನಿಲ್ಲಿಸಿರುತ್ತಾರಲ್ಲ, ಆಗ ಹೋಗಿ. ಮೊಬೈಲ್ ಟಾರ್ಚ್ ಅನ್ನು ಜೋಡಣೆಯ ಆ ಕಡೆ ಹಿಡಿದು ಈ ಕಡೆಯಿಂದ ನೋಡಿದರೆ ಸಂದು ತಾನೇ ಹೇಳುತ್ತದೆ. ಸಂದಿನೊಳಗೆ ಎಷ್ಟು ದಪ್ಪದ ರಾಡು ತೂರುತ್ತದೆ ನೋಡಿ. 10 ಗೇಜ್ ರಾಡಿನ ಬೋಳು ತುದಿ ಸಲೀಸಾಗಿ ಹೋದರೆ ಸಂದು 3 ಮಿ.ಮೀ. ದಾಟಿದೆ ಅಂತ ಅರ್ಥ. ಅದೇ ಹೊತ್ತಿಗೆ ಬೆಸೆಯುವ ಜಾಗದ ಎರಡೂ ಕಡೆ ಒಂದು ಇಂಚು ಗ್ರೈಂಡರ್ ಹಾಕಿ ಬೆಳ್ಳಗೆ ಮಾಡಿದ್ದಾರೋ ನೋಡಿ. ತುಕ್ಕು, ಬಣ್ಣ, ಎಣ್ಣೆ ಇದ್ದರೆ ಅದರಿಂದ ಅನಿಲ ಎದ್ದು ಬೆಸುಗೆಯಲ್ಲಿ ತೂತು ತೂತಾಗುತ್ತದೆ. ಜಿಐ ಪೈಪಾದರೆ ಸತುವಿನ ಲೇಪ ತೆಗೆಯಲೇಬೇಕು. ಆ ಹೊಗೆ ವೆಲ್ಡರ್‌ನ ಎದೆಗೂ ಒಳ್ಳೆಯದಲ್ಲ.

ಬೆಸುಗೆ ಆದ ಮೇಲೆ ನೋಡುವುದಕ್ಕೆ ಮೊದಲು ಸ್ಲ್ಯಾಗ್ ಪೂರ್ತಿ ಕುಟ್ಟಿಸಿ, ತಂತಿ ಬ್ರಷ್ ಹಾಕಿಸಿ. ಸ್ಲ್ಯಾಗ್ ಮೇಲೆ ಬೆಸುಗೆ ನೋಡುವುದು ಸಿಪ್ಪೆ ನೋಡಿ ಹಣ್ಣಿಗೆ ದುಡ್ಡು ಕೊಟ್ಟಂತೆ. ಆಮೇಲೆ ಬೆಸುಗೆಯ ನಡುಭಾಗಕ್ಕಿಂತ ಅಂಚುಗಳನ್ನು ಜಾಸ್ತಿ ನೋಡಿ. ಕಥೆ ಇರುವುದು ಅಲ್ಲಿ.

ಒಳ್ಳೆಯ ಬೆಸುಗೆಯ ಅಂಚು ಪೈಪಿನ ಮೈಗೆ ಇಳಿಜಾರಾಗಿ ಬಂದು ಸೇರಿಕೊಳ್ಳುತ್ತದೆ. ಎಲ್ಲಿ ಬೆಸುಗೆ ಮುಗಿಯಿತು, ಎಲ್ಲಿ ಪೈಪು ಶುರುವಾಯಿತು ಅಂತ ಬೆರಳಿಗೆ ಗೊತ್ತಾಗುವುದು ಕಷ್ಟ. ಕರೆಂಟ್ ಕಡಿಮೆ ಇದ್ದಾಗ ಹೀಗಾಗುವುದಿಲ್ಲ. ಲೋಹ ಉಂಡೆಯಾಗಿ ಮೇಲೆ ಕೂತಿರುತ್ತದೆ, ಅಂಚು ಒಳಕ್ಕೆ ಮಡಚಿದ ಹಾಗಿರುತ್ತದೆ, ಉಗುರು ಸಿಕ್ಕಿಸಿದರೆ ಅಡಿಗೆ ಹೋಗುತ್ತದೆ. ಇದು ಕರಗಿ ಬೆರೆತ ಬೆಸುಗೆಯಲ್ಲ, ಮೇಲೆ ಸುರಿದ ಲೋಹ. ಹಳ್ಳಿಯ ಸೈಟುಗಳಲ್ಲಿ ನಾನು ಅತಿ ಹೆಚ್ಚು ಕಂಡಿದ್ದು ಇದನ್ನೇ, ಅದಕ್ಕೆ ಕಾರಣವೂ ಇದೆ. ತ್ರೀ ಫೇಸ್ ಇಲ್ಲದ ಹೊತ್ತಲ್ಲಿ ಸಿಂಗಲ್ ಫೇಸಿನಲ್ಲಿ, ಯಾರದೋ ಮನೆಯಿಂದ ಉದ್ದಕ್ಕೆ ಎಳೆದ ತೆಳ್ಳನೆಯ ವೈರಿನಲ್ಲಿ ಮಷೀನು ಓಡುತ್ತಿರುತ್ತದೆ. ಮಷೀನಿನ ಗುಂಡಿ 120 ಆಂಪಿಯರ್ ಅಂತ ತೋರಿಸಿದರೂ ರಾಡಿನ ತುದಿಗೆ ಅಷ್ಟು ಬರುವುದಿಲ್ಲ. ಅರ್ಥ್ ಕ್ಲ್ಯಾಂಪ್ ತುಕ್ಕಿನ ಮೇಲೆ ಸುಮ್ನೆ ಇಟ್ಟಿದ್ದರೆ ಇನ್ನೂ ಕಡಿಮೆ.

ಕರೆಂಟ್ ಜಾಸ್ತಿಯಾದರೆ, ಅಥವಾ ರಾಡನ್ನು ಗಡಿಬಿಡಿಯಲ್ಲಿ ಎಳೆದರೆ, ತೊಂದರೆ ಇನ್ನೊಂದು ಥರ. ಬೆಸುಗೆಯ ಅಂಚಿನ ಪಕ್ಕದಲ್ಲೇ ಪೈಪಿನ ಮೈ ಕೊರೆದು ಕಾಲುವೆಯ ಹಾಗೆ ಗೀರು ಬೀಳುತ್ತದೆ. ಇದಕ್ಕೆ ಅಂಡರ್‌ಕಟ್ ಅನ್ನುತ್ತಾರೆ. ದಪ್ಪ ಪ್ಲೇಟಿನಲ್ಲಿ ಅರ್ಧ ಮಿ.ಮೀ. ಇದ್ದರೆ ದೊಡ್ಡ ವಿಷಯವಲ್ಲ. ನಮ್ಮ ಪೈಪು ಇರುವುದೇ 4 ಮಿ.ಮೀ. ಅದರಲ್ಲಿ 1 ಮಿ.ಮೀ. ಅಂಡರ್‌ಕಟ್ ಅಂದರೆ ಕಾಲುಭಾಗ ಹೋಯಿತು, ಅದೂ ಬಲ ಅತಿ ಹೆಚ್ಚು ಬೀಳುವ ಜಾಗದಲ್ಲಿ. ಸೂಜಿಯ ತುದಿಯಷ್ಟು ಒಂದೆರಡು ತೂತು ಕಂಡರೆ ನಾನು ಗಲಾಟೆ ಮಾಡುವುದಿಲ್ಲ, ಸಾಲಾಗಿ ಇದ್ದರೆ, ಗೊಂಚಲಾಗಿ ಇದ್ದರೆ ಬಿಡುವುದಿಲ್ಲ. ಬಿರುಕು ಮಾತ್ರ ಎಷ್ಟು ಸಣ್ಣದಿದ್ದರೂ ಒಪ್ಪಬಾರದು. ಅದನ್ನು ಹುಡುಕುವ ಜಾಗ ರಾಡು ಎತ್ತಿದ ಕೊನೆಯ ಗುಳಿ. ಆ ಗುಳಿಯನ್ನು ತುಂಬಿಸದೆ ಬಿಟ್ಟರೆ ನಕ್ಷತ್ರದ ಹಾಗೆ ಸಣ್ಣ ಬಿರುಕು ಅಲ್ಲೇ ಹುಟ್ಟುತ್ತದೆ. ವೆಲ್ಡರ್‌ಗಳು ಪೈಪಿನ ಮೂಲೆಗೆ ಬಂದ ತಕ್ಷಣ ರಾಡು ಎತ್ತುತ್ತಾರೆ, ಅದು ಅನುಕೂಲ. ಆದರೆ ಎಳೆತ ಜಾಸ್ತಿ ಇರುವುದೂ ಮೂಲೆಯಲ್ಲೇ. ಮೂಲೆಯನ್ನು ಸುತ್ತಿಕೊಂಡು ಹೋಗಿ, ಮಗ್ಗುಲಿನ ಮಧ್ಯದಲ್ಲಿ ನಿಲ್ಲಿಸಿ ಅಂತ ಹೇಳಿ.

ಅಳತೆ ನೋಡಲು ಗೇಜು ಕೊಳ್ಳಬಹುದು, ಇಲ್ಲದಿದ್ದರೆ ಸೈಟಿನಲ್ಲೇ ಮಾಡಿಸಿ. ಒಂದು ಮಿ.ಮೀ. ಶೀಟಿನ ಚೌಕ ತುಂಡು ತೆಗೆದುಕೊಳ್ಳಿ. ಒಂದು ಮೂಲೆಯಿಂದ ಎರಡೂ ಅಂಚಿನ ಮೇಲೆ 6 ಮಿ.ಮೀ. ಗುರುತು ಹಾಕಿ, ಗುರುತುಗಳನ್ನು ಸೇರಿಸಿ ಮೂಲೆಯನ್ನು ಓರೆಯಾಗಿ ಕತ್ತರಿಸಿ. ಆ ಮೂಲೆಯನ್ನು ಬೆಸುಗೆಯ ಮೇಲೆ ಕೂರಿಸಿ ನೋಡಿ. ತುಂಡಿನ ಎರಡೂ ಅಂಚು ಕಂಬಕ್ಕೂ ತೋಳಿಗೂ ಸರಿಯಾಗಿ ತಾಗಿ, ಓರೆ ಭಾಗದ ಅಡಿಯಲ್ಲಿ ಬೆಳಕು ಕಂಡರೆ ಬೆಸುಗೆ 6ಕ್ಕೆ ಕಡಿಮೆ, ಇಲ್ಲವೇ ನಡುವೆ ತಗ್ಗಾಗಿದೆ. ಓರೆ ಭಾಗ ಬೆಸುಗೆಗೆ ತಾಗಿದರೂ, ಬೆಸುಗೆಯ ಅಂಚುಗಳು ಓರೆಯ ಎರಡೂ ತುದಿ ಮುಟ್ಟಿವೆಯೇ ಅಂತಲೂ ನೋಡಬೇಕು. ನಡುವೆ ಉಬ್ಬಿ, ಕಾಲು ಗಿಡ್ಡವಾಗಿರುವ ಬೆಸುಗೆ ಈ ಪರೀಕ್ಷೆಯಲ್ಲಿ ಅರ್ಧ ಮೋಸ ಮಾಡುತ್ತದೆ. ಒಂದು ಮಗ್ಗುಲಿನ ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ, ಶುರು, ನಡು, ಕೊನೆ ಮೂರೂ ಕಡೆ ಇಟ್ಟು ನೋಡಿ.

ಆಮೇಲೆ ದಯವಿಟ್ಟು ಬಗ್ಗಿ ತೋಳಿನ ಅಡಿಭಾಗ ನೋಡಿ. ಶೀಟು ಹೊದಿಸುವ ಹೊತ್ತಿಗೆ ತೋಳು ತಲೆಯ ಮೇಲೆ ಇರುತ್ತದೆ. ಅಡಿಯಿಂದ ಬೆಸೆಯುವಾಗ ಕಿಡಿ ಮುಖಕ್ಕೆ ಬೀಳುತ್ತದೆ, ಲೋಹ ಕೆಳಗೆ ಸುರಿಯುತ್ತದೆ. ಹಾಗಾಗಿ ಮೇಲೆ, ಎರಡು ಪಕ್ಕ, ಮೂರು ಮಗ್ಗುಲು ಹಾಕಿ ಅಡಿಗೆ ಎರಡು ಟ್ಯಾಕ್ ಕೊಟ್ಟು ಬಿಡುವುದು ಮಾಮೂಲಿ. ಅದೇ 6 ಮಿ.ಮೀ. ಬೆಸುಗೆ ಮೂರೇ ಮಗ್ಗುಲಿಗೆ ಇದ್ದರೆ, ಪಕ್ಕದ ಬೆಸುಗೆಗಳ ಕೆಳತುದಿಯಲ್ಲಿ ಬೀಳುವುದು 260ರ ಮೇಲೆ, ಮಿತಿ ಇರುವುದು 158. ಗಾಳಿ ಚಾವಣಿಯನ್ನು ಮೇಲಕ್ಕೆತ್ತುವಾಗ ಎಳೆತ ಬರುವುದೂ ಅಡಿಯ ಅಂಚಿಗೇ. ನಾನು ನೋಡಿದ ಆ ಶೆಲ್ಟರಿನಲ್ಲಿ ಮೊದಲು ಬಿಟ್ಟಿದ್ದೂ ಅಡಿಭಾಗವೇ ಇರಬೇಕು, ಮೇಲಿನ ಅಂಚು ಕೊನೆಗೆ ಬಾಗಿ ಹರಿದ ಗುರುತಿತ್ತು.

ಕಣ್ಣಿಗೆ ಒಂದು ಮಿತಿ ಇದೆ. ಒಳಮೂಲೆ ಕರಗಿದೆಯೋ ಇಲ್ಲವೋ ಮೇಲಿನಿಂದ ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಸುತ್ತಿಗೆಯಲ್ಲಿ ಕುಟ್ಟಿ ‘ಟಣ್’ ಅಂದರೆ ಗಟ್ಟಿ ಅನ್ನುವುದು ಬರೀ ನಂಬಿಕೆ. ಅದಕ್ಕೆ ಕೆಲಸ ಶುರುವಾಗುವ ದಿನ ಒಂದು ತುಂಡು ಮುರಿಸಿ ನೋಡಿ. 6 ಮಿ.ಮೀ. ದಪ್ಪದ, ನಾಲ್ಕು ಇಂಚು ಉದ್ದದ ಎರಡು ಪಟ್ಟಿ ಸಾಕು. ಒಂದನ್ನು ಮಲಗಿಸಿ, ಇನ್ನೊಂದನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ, ಒಂದೇ ಮಗ್ಗುಲಿಗೆ ಬೆಸೆಯಲು ಹೇಳಿ. ಅದೇ ವೆಲ್ಡರ್, ಅದೇ ಮಷೀನು, ಅದೇ ವೈರು, ಅದೇ ರಾಡು. ನಡುವೆ ಒಮ್ಮೆ ರಾಡು ಎತ್ತಿ ಮತ್ತೆ ಶುರು ಮಾಡಲಿ. ತಲೆಯ ಮೇಲೆ ಬೆಸೆಯುವ ಕೆಲಸ ಇದ್ದರೆ ಒಂದು ತುಂಡನ್ನು ಹಾಗೇ ತೂಗುಹಾಕಿ ಬೆಸೆಯಿಸಿ.

ತಣ್ಣಗಾದ ಮೇಲೆ ನಿಂತ ಪಟ್ಟಿಗೆ ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆಯಬೇಕು. ಅದು ಬೆಸುಗೆ ಇರುವ ಮಗ್ಗುಲಿಗೇ ಮಡಚಬೇಕು, ಆಗ ಒಳಮೂಲೆ ಬಾಯಿ ತೆರೆಯುತ್ತದೆ. ಪೂರ್ತಿ ಮಡಚಿದರೂ ಬಿಡದಿದ್ದರೆ ಒಳ್ಳೆಯ ಬೆಸುಗೆ. ಮುರಿದರೆ ಮುರಿದ ಮುಖ ನೋಡಿ. ಉದ್ದಕ್ಕೂ ಬೂದು ಬಣ್ಣದ ಒರಟು ಲೋಹ ಕಂಡು, ಮೂಲೆ ಕರಗಿದ್ದರೆ ಪರವಾಗಿಲ್ಲ. ಪಟ್ಟಿಯ ಅಂಚು ಕತ್ತರಿಸಿದಾಗ ಇದ್ದ ಹಾಗೇ ಚೂಪಾಗಿ ಉಳಿದಿದ್ದರೆ, ಮೂಲೆಯಲ್ಲಿ ಗಾಜಿನಂಥ ಕಪ್ಪು ಸ್ಲ್ಯಾಗ್ ಗೆರೆ ಇದ್ದರೆ, ಕೆಲಸ ನಿಲ್ಲಿಸಿ. ಕರೆಂಟ್ ಏರಿಸಲಿ, ವೈರು ಬದಲಿಸಲಿ, ಒಣ ರಾಡು ತರಲಿ, ಇನ್ನೊಂದು ತುಂಡು ಮುರಿಯಲಿ. ಅರ್ಧ ಗಂಟೆಯ ಕೆಲಸ ಇದು. ವೆಲ್ಡರ್‌ಗಳಿಗೆ ಇದರಿಂದ ಬೇಜಾರಾಗುತ್ತದೆ ಅಂದುಕೊಂಡಿದ್ದರೆ ಅದು ತಪ್ಪು. ತಾನು ಹಾಕಿದ ಬೆಸುಗೆಯ ಒಳಗನ್ನು ಯಾವತ್ತೂ ನೋಡಿರದ ಹುಡುಗರು, ಮುರಿದ ತುಂಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡುವುದನ್ನು ನಾನು ಕಂಡಿದ್ದೇನೆ.

ನುಣ್ಣಗಿರುವ ಬೆಸುಗೆ ಬಗ್ಗೆ ಒಂದು ಎಚ್ಚರಿಕೆ. ಗೇಟಿಗೆ, ಕಿಟಕಿಗೆ ಗ್ರೈಂಡ್ ಮಾಡಿ ಸಮ ಮಾಡುವುದು ಚಂದ. ಅದೇ ಅಭ್ಯಾಸ ಶೆಲ್ಟರಿಗೂ ಬರುತ್ತದೆ. ಫಿಲೆಟ್ ಬೆಸುಗೆಯನ್ನು ಗ್ರೈಂಡ್ ಮಾಡಿದರೆ ಥ್ರೋಟೇ ಹೋಗುತ್ತದೆ. ಇನ್ನೂ ಕೆಟ್ಟದ್ದು, ಉಳಿಕೆ ತುಂಡುಗಳನ್ನು ತುದಿಗೆ ತುದಿ ಜೋಡಿಸಿ ತೋಳು ಮಾಡುವುದು. ಎರಡು ತುಂಡನ್ನು ಸಂದಿಲ್ಲದೆ ತಾಗಿಸಿ ಬೆಸೆದರೆ ಬೆಸುಗೆ ಒಳಗೆ ಇಳಿಯುವುದಿಲ್ಲ, ಮೇಲಿನ ಅರ್ಧ ದಪ್ಪ ಹಿಡಿದರೆ ಹೆಚ್ಚು. ಉಬ್ಬಿ ನಿಂತ ಭಾಗವನ್ನೂ ಗ್ರೈಂಡ್ ಮಾಡಿ ಪುಟ್ಟಿ ಸವರಿದರೆ ಉಳಿಯುವುದೇನು? ತುದಿಗೆ ತುದಿ ಸೇರಿಸಲೇಬೇಕಾದರೆ ನಡುವೆ ಒಂದೂವರೆ ಎರಡು ಮಿ.ಮೀ. ಬಿಟ್ಟು, ದಪ್ಪ ಪೈಪಾದರೆ ಅಂಚು ಓರೆ ಮಾಡಿ, ಒಳಗಿನವರೆಗೆ ಕರಗಿಸಬೇಕು. ತೋಳಿನ ಬುಡದ ಹತ್ತಿರವಂತೂ ಜೋಡಣೆ ಬೇಡವೇ ಬೇಡ.

ಕೆಟ್ಟ ಬೆಸುಗೆ ಕಂಡರೆ ‘ಇನ್ನೊಂದು ಕೋಟ್ ಎಳೆಯಪ್ಪ’ ಅನ್ನಬೇಡಿ. ಹಿಡಿಯದ ಲೋಹದ ಮೇಲೆ ಎಷ್ಟು ಎಳೆದರೂ ಅಡಿ ಹಾಗೇ ಇರುತ್ತದೆ. ಗ್ರೈಂಡ್ ಮಾಡಿ ಪೂರ್ತಿ ತೆಗೆದು ಹೊಸದಾಗಿ ಹಾಕಬೇಕು. ಅಳತೆ ಮಾತ್ರ ಕಡಿಮೆ ಇದ್ದು ಉಳಿದದ್ದು ಸರಿಯಿದ್ದರೆ ಮೇಲೆ ಓಟ ಕೊಡಬಹುದು.

ಇನ್ನು ನೀವು ಕಾಗದದಲ್ಲಿ ಮಾಡಬಹುದಾದದ್ದು. ನಕ್ಷೆಯಲ್ಲಿ ‘ವೆಲ್ಡ್’ ಅಂತ ಬರೆಯುವ ಜಾಗದಲ್ಲಿ ‘6 ಮಿ.ಮೀ. ಫಿಲೆಟ್, ನಾಲ್ಕೂ ಮಗ್ಗುಲು, ನಡುವೆ ಜಾಗ ಬಿಡದೆ’ ಅಂತ ಬರೆಯಿರಿ. ಕೆಲಸದ ಷರತ್ತಿನಲ್ಲಿ ‘ಬೆಸುಗೆ ನೋಡಿ ಒಪ್ಪುವ ಮುಂಚೆ ಬಳಿದ ಬಣ್ಣವನ್ನು ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ತೆಗೆಯಬೇಕು’ ಅಂತ ಒಂದು ಸಾಲು ಸೇರಿಸಿ. ಎಂಬಿಯ ಜೊತೆ ಬಣ್ಣ ಬಳಿಯದ ಪ್ರತಿ ಬುಡದ ನಾಲ್ಕು ಮಗ್ಗುಲಿನ ಫೋಟೊ, ಗೇಜು ಇಟ್ಟು ತೆಗೆದದ್ದು, ಲಗತ್ತಿಸಿ. ಹೇಗೂ ಈಗ ಎಲ್ಲದಕ್ಕೂ ಫೋಟೊ ಕೇಳುತ್ತಾರಲ್ವಾ. ಸಾಧ್ಯವಾದರೆ ತೋಳಿನ ಬುಡಕ್ಕೆ ಪ್ಲೇಟನ್ನು ವರ್ಕ್‌ಶಾಪಿನಲ್ಲೇ, ತೋಳನ್ನು ತಿರುಗಿಸಿಕೊಂಡು ನಾಲ್ಕೂ ಮಗ್ಗುಲು ಬೆಸೆದು ತಂದು, ಸೈಟಿನಲ್ಲಿ ಬರೀ ಬೋಲ್ಟ್ ಹಾಕುವ ಹಾಗೆ ನಕ್ಷೆ ಮಾಡಿ. ತಲೆಯ ಮೇಲಿನ ಬೆಸುಗೆಯೂ ತಪ್ಪುತ್ತದೆ, 1.5ರ ಬದಲು 1.25 ಹಿಡಿಯಬಹುದು. ಪ್ಲೇಟಿನ ದಪ್ಪ, ಬೋಲ್ಟಿನ ಲೆಕ್ಕ ಬೇರೆ ಮಾಡಬೇಕು ಅನ್ನಿ.

ಈಗಾಗಲೇ ನಿಂತಿರುವ ಶೆಲ್ಟರುಗಳನ್ನೆಲ್ಲ ಕೆರೆದು ನೋಡಲು ಆಗುವುದಿಲ್ಲ. ಆದರೆ ಗಾಳಿಯ ತಿಂಗಳು ಬರುವ ಮುಂಚೆ ಒಂದು ಸುತ್ತು ಹಾಕಿ, ಏಣಿ ಇಟ್ಟು ತೋಳಿನ ಬುಡ ನೋಡಿ. ಬೆಸುಗೆಯ ಅಂಚಿನ ಉದ್ದಕ್ಕೂ ಬಣ್ಣ ಕೂದಲೆಳೆಯಷ್ಟು ಸೀಳಿ, ಅಲ್ಲಿಂದ ಕಂದು ನೀರು ಇಳಿದ ಗುರುತು ಇದ್ದರೆ ಅದು ಬರೀ ತುಕ್ಕು ಅಂತ ಬಿಡಬೇಡಿ. ಬಿರುಕಿರಬಹುದು, ಇಲ್ಲವೇ ಹಿಡಿಯದ ಬೆಸುಗೆಯ ಸಂದಿನಿಂದ ಪೈಪಿನೊಳಗೆ ನೀರು ಹೋಗಿ ಬರುತ್ತಿರಬಹುದು. ಅಂಥ ತೋಳಿಗೆ ಅವತ್ತೇ ಕೆಳಗಿನಿಂದ ಕಂಬ ಕೊಡಿ, ಮೇಲಕ್ಕೆ ಏಳದ ಹಾಗೆ ಹಗ್ಗವನ್ನೋ ಸರಪಳಿಯನ್ನೋ ಬಿಗಿಯಿರಿ, ಜನರನ್ನು ಅಡಿಯಿಂದ ದೂರ ಇಡಿ. ಆಮೇಲೆ ಬಣ್ಣ ಕೆರೆದು ನೋಡಿ. ಅನುಮಾನ ಉಳಿದರೆ ಬಿರುಕು ಪತ್ತೆ ಮಾಡುವ ಸ್ಪ್ರೇ ಸಿಗುತ್ತದೆ, ಮೂರು ಡಬ್ಬಿಯ ಸೆಟ್ಟು. ಒಂದರಿಂದ ಒರೆಸಿ, ಕೆಂಪನ್ನು ಹೊಡೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒರೆಸಿ, ಬಿಳಿಯದನ್ನು ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೇಲೆ ಬರುತ್ತದೆ. ಗೆರೆ ಬಂದ ಬುಡವನ್ನು ಗ್ರೈಂಡ್ ಮಾಡಿ ಮತ್ತೆ ಬೆಸೆಯಿಸಿ, ಅದೇ ದಿನ ಅದೇ ವೆಲ್ಡರ್ ನಿಲ್ಲಿಸಿದ ಉಳಿದ ತೋಳುಗಳ ಬಣ್ಣವನ್ನೂ ಕೆರೆಸಿ.

ಇಂತಿ,
ಒಬ್ಬ ನಿವೃತ್ತ ವೆಲ್ಡಿಂಗ್ ಮೇಷ್ಟ್ರು